ರೋಮಾ ಪಾಸ್: ಕೊಳ್ಳುವ ಮುನ್ನ ಒಂದು ಲೆಕ್ಕ

ಯುರೋಪಿನ ದೊಡ್ಡ ನಗರಗಳಲ್ಲಿ ಪ್ರವಾಸಿಗರಿಗೆಂದೇ ಮಾರುವ ಕಾರ್ಡುಗಳ ಆಕರ್ಷಣೆ ಇರುವುದು ಒಂದೇ ಮಾತಿನಲ್ಲಿ: ಒಮ್ಮೆ ಹಣ ಕೊಟ್ಟರೆ ಬಸ್ಸು, ಮೆಟ್ರೊಗಳಲ್ಲಿ ಮಿತಿಯಿಲ್ಲದ ಓಡಾಟ, ಜತೆಗೆ ಸ್ಮಾರಕಗಳಿಗೆ ಪ್ರವೇಶ. ಆದರೆ ಈ ಎರಡು ಸೌಲಭ್ಯಗಳನ್ನು ಬಿಡಿಬಿಡಿಯಾಗಿ ಅಳೆದು ನೋಡದ ಹೊರತು ಕಾರ್ಡು ಉಳಿತಾಯವೋ ದುಂದುವೆಚ್ಚವೋ ತಿಳಿಯದು. ಇದಕ್ಕೆ ರೋಮಾ ಪಾಸ್ ಉತ್ತಮ ನಿದರ್ಶನ.

72 ಗಂಟೆಗಳ ಈ ಪಾಸಿನಲ್ಲಿ ಮೊದಲು ನೋಡುವ ಎರಡು ತಾಣಗಳಿಗೆ ಮಾತ್ರ ಪ್ರವೇಶ ಉಚಿತ, ಆನಂತರದವುಗಳಿಗೆ ರಿಯಾಯಿತಿಯಷ್ಟೇ. 2022ರಲ್ಲಿ ಇದರ ಬೆಲೆ 52 ಯೂರೊ. ಆಗ ಮುಂಗಡ ಕಾಯ್ದಿರಿಸುವ ಶುಲ್ಕವನ್ನು ಬಿಟ್ಟು ಕೊಲೊಸಿಯಂ ಟಿಕೆಟ್ 16 ಯೂರೊ, ಬೋರ್ಗೀಸ್ ಗ್ಯಾಲರಿಯದು 13 ಯೂರೊ. ಇವೆರಡನ್ನೂ ಕಳೆದರೆ ಉಳಿಯುವುದು 23 ಯೂರೊ. ನಗರ ಸಾರಿಗೆಯ 72 ಗಂಟೆಗಳ ಟಿಕೆಟನ್ನು ಪ್ರತ್ಯೇಕವಾಗಿ ಕೊಂಡರೂ 18 ಯೂರೊ ಸಾಕಾಗುತ್ತಿತ್ತು. ಅಂದರೆ ದುಬಾರಿ ತಾಣಗಳನ್ನೇ ಆರಿಸಿಕೊಂಡರೂ ಪಾಸು ಕೊಂಡವನಿಗೆ 5 ಯೂರೊ ನಷ್ಟ. ಮುಂದಿನ ತಾಣಗಳ ರಿಯಾಯಿತಿಯಿಂದ ಅದನ್ನು ತುಂಬಿಕೊಳ್ಳಬೇಕು.

ಆ 18 ಯೂರೊ ಕೂಡ ಪೂರ್ತಿ ದಕ್ಕುವುದು ಅಪರೂಪ. ಒಂದೂವರೆ ಯೂರೊದ ಬಿಡಿ ಟಿಕೆಟಿನಲ್ಲಿ ನೂರು ನಿಮಿಷ ಸಂಚರಿಸಬಹುದು. ಆದ್ದರಿಂದ 18 ಯೂರೊ ವಸೂಲಾಗಲು ಮೂರು ದಿನಗಳಲ್ಲಿ ಹನ್ನೆರಡು ಬಾರಿ ಬಸ್ಸನ್ನೋ ಮೆಟ್ರೊವನ್ನೋ ಹತ್ತಬೇಕು. ಊರಿನ ಅಂಚಿನಲ್ಲಿ ತಂಗಿದವರಿಗೆ ಅದು ಸಾಧ್ಯ. ಹಳೆಯ ನಗರದ ನಡುವೆ ಕೊಠಡಿ ಹಿಡಿದವರು ಬಹುತೇಕ ಕಾಲ್ನಡಿಗೆಯಲ್ಲೇ ತಿರುಗುತ್ತಾರೆ.

ಪಾಸಿನ ಮಿತಿಗಳೂ ಮೊದಲೇ ತಿಳಿದಿರಬೇಕು. ಸಿಸ್ಟೀನ್ ಚಾಪೆಲ್ ಇರುವ ವ್ಯಾಟಿಕನ್ ವಸ್ತುಸಂಗ್ರಹಾಲಯಗಳು ಬೇರೊಂದು ರಾಷ್ಟ್ರದ ಸ್ವತ್ತು; ಅಲ್ಲಿ ಈ ಪಾಸು ನಡೆಯದು. ವಿಮಾನ ನಿಲ್ದಾಣದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲಿಗೂ ಅದು ಸಲ್ಲದು. ಪಾಸು ಕೈಯಲ್ಲಿದ್ದರೂ ಕೊಲೊಸಿಯಂ, ಬೋರ್ಗೀಸ್ ಎರಡಕ್ಕೂ ಸಮಯ ಕಾಯ್ದಿರಿಸಲೇಬೇಕು. ಸಮಯ ಸಿಗದೆ ಹೋದರೆ ಉಚಿತ ಪ್ರವೇಶವನ್ನು ಅಗ್ಗದ ತಾಣಕ್ಕೆ ವ್ಯಯಿಸಬೇಕಾಗುತ್ತದೆ. ಆದಕಾರಣ ಮೊದಲು ಸಮಯ ಸಿಗುವುದೇ ಎಂದು ನೋಡಿಕೊಂಡು, ಅನಂತರ ಪಾಸು ಕೊಳ್ಳುವುದು ವಿವೇಕ.

ಕುಟುಂಬ ಸಮೇತ ಹೋಗುವವರು ಗಮನಿಸಬೇಕಾದುದು ಇನ್ನೊಂದಿದೆ. ಇಟಲಿಯ ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿ 18 ವರ್ಷದೊಳಗಿನವರಿಗೆ, ಅವರು ಯಾವ ದೇಶದವರೇ ಆಗಿರಲಿ, ಪ್ರವೇಶ ಶುಲ್ಕವಿಲ್ಲ. ಕೊಲೊಸಿಯಂ, ಬೋರ್ಗೀಸ್ ಎರಡೂ ಸರ್ಕಾರದವೇ. ಮಕ್ಕಳಿಗೆ ಪಾಸು ಕೊಂಡರೆ ಉಚಿತವಾದುದಕ್ಕೇ ಬೆಲೆ ತೆತ್ತಂತೆ. ತಿಂಗಳ ಮೊದಲ ಭಾನುವಾರ ಈ ತಾಣಗಳು ದೊಡ್ಡವರಿಗೂ ಉಚಿತ. ಆ ದಿನ ಪಾಸಿನ ಗಂಟೆಗಳು ವ್ಯರ್ಥ.

2025ರ ಜುಲೈನಲ್ಲಿ ರೋಮಿನ ಬಹುದಿನಗಳ ಸಾರಿಗೆ ಟಿಕೆಟುಗಳ ದರ ಏರಿತು. ಹೀಗೆ ಅಂಕಿಗಳು ಬದಲಾಗುತ್ತಲೇ ಇರುತ್ತವೆ, ಲೆಕ್ಕದ ಕ್ರಮ ಬದಲಾಗದು. ಮಾರುವವರ ಪಟ್ಟಿಯಲ್ಲಿ ಏನೇನಿದೆ ಎಂಬುದನ್ನಲ್ಲ, ಕಾರ್ಡು ಇಲ್ಲದಿದ್ದರೂ ನಾವು ಹಣ ಕೊಟ್ಟು ನೋಡುತ್ತಿದ್ದ ತಾಣಗಳನ್ನೂ ಮಾಡುತ್ತಿದ್ದ ಪ್ರಯಾಣವನ್ನೂ ಮಾತ್ರ ಕೂಡಿಸಬೇಕು. ಆ ಮೊತ್ತ ಕಾರ್ಡಿನ ಬೆಲೆಯನ್ನು ಮೀರಿದರೆ ಕೊಳ್ಳೋಣ. ಇಲ್ಲವಾದರೆ ಬಿಡಿ ಟಿಕೆಟೇ ಲೇಸು.