ಅಯ್ಯೋ ಪಾಪ ಬೇರೆ, ಪಾಪ ಬೇರೆ

ರಾತ್ರಿ ಹತ್ತೂವರೆಯಾದರೆ ಆಕೆಯ ಕೈ ಫೋನಿನತ್ತ ಹೋಗುತ್ತದೆ. ‘ಊಟ ಆಯ್ತಾ?’ ಎಂದು ಕಳಿಸುತ್ತಾಳೆ. ನಾಲ್ಕು ವರ್ಷದ ಪ್ರೀತಿ ಮುಗಿದು ಮೂರು ವಾರವಾಗಿದೆ. ಮುಗಿಸಿದವಳು ಆಕೆಯೇ. ಅವನಿಗೆ ಮಕ್ಕಳು ಬೇಕೇ ಬೇಕು, ಇವಳಿಗೆ ಬೇಡವೇ ಬೇಡ. ನಿರ್ಧಾರ ಸರಿ ಎಂಬುದರಲ್ಲಿ ಆಕೆಗೆ ಸಂಶಯವಿಲ್ಲ. ಆದರೂ ಅಂದು ಬಸ್ ಸ್ಟಾಪಿನಲ್ಲಿ ಅವನು ಮಾತಿಲ್ಲದೆ ಬ್ಯಾಗಿನ ಜಿಪ್ ಎಳೆಯುತ್ತ, ಮತ್ತೆ ಬಿಡುತ್ತ ನಿಂತದ್ದು ಕಣ್ಣಮುಂದಿನಿಂದ ಸರಿಯುತ್ತಿಲ್ಲ.

ಬಿಟ್ಟುಹೋದವರನ್ನು ನೆನೆದು ಅಳುವ ಸಿನಿಮಾ ಹಾಡುಗಳಿಗೆ ನಮ್ಮಲ್ಲಿ ಬರವಿಲ್ಲ. ಬಿಟ್ಟುಬಂದವರ ಪಾಡನ್ನು ಕೇಳುವವರು ಕಡಿಮೆ. 1993ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಒಮ್ಮುಖ ಪ್ರೀತಿಯ ಎರಡೂ ಕಡೆಯವರ ಅನುಭವಗಳನ್ನು ಹೋಲಿಸಿ ನೋಡಿದರು. ಪ್ರೀತಿಸಿ ಸೋತವರ ನೆನಪಿನಲ್ಲಿ ನೋವಿನ ಜೊತೆ ಸಿಹಿಯೂ ಇತ್ತು. ‘ಬೇಡ’ ಎಂದವರಲ್ಲಿ ತಪ್ಪಿತಸ್ಥ ಭಾವವೂ ಕಿರಿಕಿರಿಯೂ ತುಂಬಿದ್ದವು. ಅಂಥ ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ತೋರಿಸುವ ಮಾದರಿಯೇ ಅವರಿಗೆ ಇರಲಿಲ್ಲ.

ಈ ಗೊಂದಲ ನಮ್ಮ ಒಂದು ಪದದಲ್ಲೇ ಇದೆ. ‘ಪಾಪ ಅವನು’ ಎಂದರೆ ಕನಿಕರ. ‘ಪಾಪ ಮಾಡಿದೆ’ ಎಂದರೆ ಅಪರಾಧ. ಬ್ರಿಟಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಇದಕ್ಕೊಂದು ಉದಾಹರಣೆ ಕೊಟ್ಟಿದ್ದರು. ಲಾರಿಗೆ ಮಗುವೊಂದು ಸಿಕ್ಕಿ ಸಾಯುತ್ತದೆ. ಚಾಲಕನದು ತಪ್ಪಿಲ್ಲ. ಆದರೂ ಅವನ ಸಂಕಟ ನಿಂತು ನೋಡಿದವರದಕ್ಕಿಂತ ಬೇರೆ, ಏಕೆಂದರೆ ಅದು ಅವನ ಕೈಯಿಂದಲೇ ಆದದ್ದು. ಪ್ರೀತಿ ಮುರಿದವರಲ್ಲೂ ಹೀಗೆಯೇ ಕನಿಕರವು ಅಪರಾಧದ ವೇಷ ಹಾಕಿಕೊಂಡು ಬರುತ್ತದೆ.

ತಪ್ಪು ಮಾಡಿದ್ದೇನೆ ಅನ್ನಿಸಿದ ಮನಸ್ಸು ಸರಿಪಡಿಸಲು ಹೊರಡುತ್ತದೆ. ಆ ‘ಊಟ ಆಯ್ತಾ?’ ಬಂದದ್ದು ಅಲ್ಲಿಂದ. ಕಳಿಸಿದವಳಿಗೆ ಅರ್ಧ ಗಂಟೆ ಹಗುರ. ಓದಿದವನಿಗೆ ‘ಮನಸ್ಸು ಬದಲಾಗಿದೆಯೇನೋ’ ಎಂಬ ಆಸೆ. ಮರುದಿನ ಅವನು ‘ಭೇಟಿಯಾಗೋಣವಾ?’ ಎಂದ. ಇವಳು ಮತ್ತೆ ‘ಇಲ್ಲ’ ಎನ್ನಬೇಕಾಯಿತು. ಒಂದೇ ಗಾಯಕ್ಕೆ ಎರಡನೆಯ ಏಟು.

ಕೊನೆಗೆ ಗೆಳತಿಯೊಬ್ಬಳು ಕೇಳಿದಳು: ‘ತಪ್ಪಿರೋದು ಬಿಟ್ಟಿದ್ದರಲ್ಲೋ, ಬಿಟ್ಟ ರೀತಿಯಲ್ಲೋ?’ ಆಗ ನಿಜ ಹೊರಬಂತು. ಮಕ್ಕಳು ಬೇಡ ಎಂಬುದು ಎಂಟು ತಿಂಗಳ ಹಿಂದೆಯೇ ಆಕೆಗೆ ಖಚಿತವಾಗಿತ್ತು, ಹೇಳಿರಲಿಲ್ಲ. ಆಕೆ ಕೊನೆಯದಾಗಿ ಬರೆದಳು: ‘ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು. ನಿರ್ಧಾರ ಬದಲಾಗಲ್ಲ. ಇನ್ನು ಮೆಸೇಜ್ ಮಾಡಲ್ಲ.’ ಕ್ಷಮೆ ಕೇಳಿದ್ದು ಆ ಎಂಟು ತಿಂಗಳಿಗೆ ಮಾತ್ರ.

ಆದರೆ ಬಿಟ್ಟವರು ‘ಸಾಯ್ತೀನಿ’ ಎಂದರೆ ಮೌನ ಸಲ್ಲದು. ಅದು ನಿಜವೋ ಬೆದರಿಕೆಯೋ ಎಂದು ತೂಗುತ್ತ ಕೂರದೆ ತಕ್ಷಣ ಅವರ ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. ಹಾಗೆಂದು ಸಂಬಂಧಕ್ಕೆ ಮರಳಬೇಕಾಗಿಲ್ಲ.

ಹತ್ತೂವರೆಗೆ ಆಕೆಯ ಕೈ ಈಗಲೂ ಫೋನಿನತ್ತ ಹೋಗುತ್ತದೆ. ಊಟ ಮಾಡಿದನೋ ಇಲ್ಲವೋ, ಪಾಪ, ಅನ್ನಿಸುತ್ತದೆ. ಅನ್ನಿಸಿಕೊಂಡು ಫೋನ್ ಕೆಳಗಿಡುತ್ತಾಳೆ.