ನಡೆಯದ ಪಾಠದ ಬೆಲೆ

ಮನೆಪಾಠ ಹೇಳುವವರ ತಿಂಗಳ ಆದಾಯ ಎಷ್ಟು ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದು ಗುಣಾಕಾರ. ಪಾಠವೊಂದಕ್ಕೆ ಇಷ್ಟು ಶುಲ್ಕ, ತಿಂಗಳಿಗೆ ಇಷ್ಟು ಪಾಠ, ಇಷ್ಟು ಮನೆ. ಗುಣಾಕಾರದಲ್ಲಿ ತಪ್ಪಿರುವುದಿಲ್ಲ, ಆದರೂ ತಿಂಗಳ ಕೊನೆಯಲ್ಲಿ ಕೈಗೆ ಬಂದ ಹಣ ಅದಕ್ಕೆ ಹೊಂದುವುದಿಲ್ಲ. ಈ ಅಂತರ ಹುಟ್ಟುವುದೆಲ್ಲಿ, ಅದರ ಭಾರವನ್ನು ಹೊರಬೇಕಾದವರು ಯಾರು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ವಾಸಿಸುವ, ಗಣಿತ ಕಲಿಸುವ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಸಂಜೆ ಎರಡು ತಾಸು, ನಡೆದು ಹೋಗುವಷ್ಟು ಹತ್ತಿರದ ಮನೆಗಳಿಗೆ ಹೋಗಿ ಅವರು ಪಾಠ ಹೇಳುತ್ತಾರೆ. ಒಟ್ಟು ನಾಲ್ಕು ಮನೆ. ಎರಡು ಮನೆಗಳಿಗೆ ಸೋಮವಾರ, ಬುಧವಾರ, ಶುಕ್ರವಾರ; ಉಳಿದೆರಡಕ್ಕೆ ಮಂಗಳವಾರ, ಗುರುವಾರ, ಶನಿವಾರ. ಪ್ರತಿ ಮನೆಗೂ ತಿಂಗಳಿಗೆ 12 ಪಾಠ, ಪಾಠವೊಂದಕ್ಕೆ ಒಂದು ತಾಸು, ಮಗುವೊಂದಕ್ಕೆ 200 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮೂರು ಮನೆಗಳಲ್ಲಿ ಒಂದೊಂದೇ ಮಗು. ಅಲ್ಲಿಂದ 7,200 ರೂಪಾಯಿ. ನಾಲ್ಕನೆಯ ಮನೆಯಲ್ಲಿ ಅಣ್ಣ-ತಂಗಿ ಇಬ್ಬರೂ ಜೊತೆಯಲ್ಲಿ ಕುಳಿತು ಕಲಿಯುತ್ತಾರೆ. ತಂಗಿಗೆ ನೂರಕ್ಕೆ 25ರಷ್ಟು ರಿಯಾಯಿತಿ. ಆದುದರಿಂದ ಆ ಮನೆಯಲ್ಲಿ ಪಾಠವೊಂದಕ್ಕೆ 350, ತಿಂಗಳಿಗೆ 4,200. ಎಲ್ಲವೂ ಸೇರಿ 11,400 ರೂಪಾಯಿ. ಇದು ಕಾಗದದ ಮೇಲಿನ ಆದಾಯ.

ಈಗ ಎಳ್ಳಮಾವಾಸ್ಯೆಯ ತಿಂಗಳನ್ನು ತೆಗೆದುಕೊಳ್ಳೋಣ. ಆ ದಿನ ಈ ಸೀಮೆಯ ಮನೆಗಳು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬರುವುದರಿಂದ ಸಂಜೆಯ ಪಾಠಕ್ಕೆ ಯಾರೂ ಸಿಕ್ಕುವುದಿಲ್ಲ. ಹಬ್ಬ ಸೋಮವಾರ ಬಿದ್ದಿತೆಂದರೆ ಸೋಮವಾರದ ಎರಡು ಮನೆಗಳಿಂದ 550 ರೂಪಾಯಿ ಹೋಯಿತು. ಒಂದು ಗುರುವಾರ ಶಿಕ್ಷಕಿಗೇ ಜ್ವರ, 400 ಹೋಯಿತು. ಮೊದಲನೆಯ ಮನೆಯಲ್ಲಿ ಮದುವೆಯ ಓಡಾಟಕ್ಕೆಂದು ಎರಡು ಪಾಠ ನಿಂತವು, ಮತ್ತೆ 400. ಒಂದು ಸಂಜೆ ಅಣ್ಣನು ಊರಿಗೆ ಹೋಗಿ ತಂಗಿ ಮಾತ್ರ ಕುಳಿತಳು. ಅಂದು 350ಕ್ಕೆ ಬದಲು 150 ಬಂದಿತು. ನಷ್ಟವೆಲ್ಲ ಕೂಡಿ 1,550. ಕೈಗೆ ಬಂದದ್ದು 9,850.

ಅಸಾಧಾರಣವಾದುದೇನೂ ಈ ತಿಂಗಳಲ್ಲಿ ನಡೆದಿಲ್ಲ ಎಂಬುದನ್ನು ಗಮನಿಸಬೇಕು. ಹಬ್ಬ, ಜ್ವರ, ಮದುವೆ, ಊರಿನ ಪಯಣ: ಇವು ಎಲ್ಲರ ಮನೆಯಲ್ಲಿಯೂ ಇರತಕ್ಕವು. ಕಂತೆಕಂತೆಯಾಗಿ ತಿಂಗಳ ಶುಲ್ಕ ಕೊಡುವ ಪದ್ಧತಿಯಲ್ಲಿ ಇಂಥ ಖಾಲಿ ದಿನದ ಹೊರೆ ಪಾಲಕರದು. ಪಾಠಕ್ಕಿಷ್ಟು ಎಂಬ ಪದ್ಧತಿಯಲ್ಲಿ ಅದು ಪೂರ್ತಿ ಶಿಕ್ಷಕಿಯ ತಲೆಗೆ ಬರುತ್ತದೆ. ಎರಡನೆಯದು ನ್ಯಾಯವೆಂದು ತೋರುವುದು ಸಹಜ. ನಡೆಯದ ಪಾಠಕ್ಕೆ ಹಣವೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಮನೆಯವರು ಪಡೆದಿರುವುದು ಪಾಠವನ್ನಷ್ಟೇ ಅಲ್ಲ, ಸಂಜೆಯ ಆ ತಾಸನ್ನು ಕೂಡ. ಅವರಿಗಾಗಿ ಕಾದಿರಿಸಿದ ತಾಸನ್ನು ಶಿಕ್ಷಕಿ ಇನ್ನೊಬ್ಬರಿಗೆ ಕೊಟ್ಟಿರುವುದಿಲ್ಲ. "ಇವತ್ತು ಬರಬ್ಯಾಡ್ರಿ ಮೇಡಂ, ಮನಿಯಾಗ ಮಂದಿ ಬಂದಾರ" ಎಂಬ ಮಾತು ಬಾಗಿಲಲ್ಲಿ ಕೇಳಿಬಂದರೆ ಆ ತಾಸು ಯಾರಿಗೂ ಇಲ್ಲದಂತಾಗುತ್ತದೆ. ಅದೇ ಮಾತು ಹಿಂದಿನ ದಿನ ಬಂದಿದ್ದರೆ ಬೇರೊಂದು ಮನೆಯ ತಪ್ಪಿದ ಪಾಠವನ್ನು ಅಲ್ಲಿಗೆ ತರಬಹುದಾಗಿತ್ತು. ಆದುದರಿಂದ ರದ್ದಾದ ಪಾಠದ ಬೆಲೆ ನಿರ್ಧಾರವಾಗುವುದು ಕಾರಣದಿಂದಲ್ಲ, ಸೂಚನೆ ಎಷ್ಟು ಮೊದಲು ಬಂದಿತು ಎಂಬುದರಿಂದ.

ಇದು ಸ್ಪಷ್ಟವಾಗಬೇಕಾದರೆ ಊರಿನ ಹೊರಗೆ ಹೋಗಬೇಕು. ಹುಮನಾಬಾದಿನ ರಸ್ತೆಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಒಂದು ಮನೆಯವರು ಭಾನುವಾರ ಎರಡು ತಾಸು ಪಾಠ ಹೇಳಿರೆಂದು ಇದೇ ಶಿಕ್ಷಕಿಯನ್ನು ಕೇಳಿದರೆನ್ನಿ. ಶುಲ್ಕ 600 ರೂಪಾಯಿ. ತಾಸಿಗೆ 300 ಎಂದು ಮನಸ್ಸು ಹಿಗ್ಗುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಹಣವೂ ಇಲ್ಲ. ಆದರೆ ಹೋಗಿ ಬರಲು, ಬಸ್ಸಿಗೆ ಕಾಯಲು ಇನ್ನೆರಡು ತಾಸು ಬೇಕು. ನಾಲ್ಕು ತಾಸಿಗೆ 600 ಎಂದರೆ ತಾಸಿಗೆ 150. ಸೂಪರ್ ಮಾರ್ಕೆಟಿನ ಪಕ್ಕದ ಮನೆಗಿಂತ ಕಡಿಮೆ. ತಿಂಗಳ ನಾಲ್ಕು ಭಾನುವಾರಗಳಲ್ಲಿ ಒಂದನ್ನು ಹಿಂದಿನ ಸಂಜೆಯೇ ರದ್ದು ಮಾಡಿದರೆ 12 ತಾಸಿಗೆ 1,800 ಬಂದು ತಾಸಿನ ಗಳಿಕೆ 150ರಲ್ಲಿಯೇ ನಿಲ್ಲುತ್ತದೆ. ಕಮಲಾಪುರದಲ್ಲಿ ಇಳಿದು ಬಾಗಿಲು ತಟ್ಟಿದ ಮೇಲೆ ಇಲ್ಲವೆಂದರೆ ಅದೇ 1,800 ರೂಪಾಯಿ ಸುಮಾರು 16 ತಾಸಿಗೆ ಹಂಚಿಹೋಗಿ ತಾಸಿಗೆ 112ರ ಆಸುಪಾಸಿಗೆ ಇಳಿಯುತ್ತದೆ. ರದ್ದಾದದ್ದು ಎರಡು ಸಂದರ್ಭಗಳಲ್ಲಿಯೂ ಒಂದೇ ಪಾಠ. ನಗರದಲ್ಲಿ ಬೆಳಗಿನ ಸೂಚನೆ ಸಾಕಾಗಬಹುದು. ಕಮಲಾಪುರಕ್ಕೆ ಹಿಂದಿನ ದಿನದ್ದೇ ಆಗಬೇಕು.

ಇನ್ನು ರಿಯಾಯಿತಿಯ ವಿಷಯ. ಒಡಹುಟ್ಟಿದವರೆಂಬ ವಿಶ್ವಾಸದಿಂದ ಕೊಡುವುದು ಎಂದು ತೋರಿದರೂ ಅದರ ಆಧಾರ ತಾಸಿನಲ್ಲಿದೆ. ಅಣ್ಣ-ತಂಗಿ ಒಟ್ಟಿಗೆ ಕುಳಿತಾಗ ಶಿಕ್ಷಕಿಯ ಒಂದು ತಾಸಿಗೆ 200ರ ಬದಲು 350 ಬರುತ್ತದೆ. ಅಲ್ಲಿ ರಿಯಾಯಿತಿ ನಷ್ಟವೇ ಅಲ್ಲ. ಅಣ್ಣ ಹತ್ತನೆಯ ತರಗತಿ, ತಂಗಿ ನಾಲ್ಕನೆಯದು ಎಂದಾದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಬೇಕಾಗುತ್ತದೆ. ಆಗ ಎರಡು ತಾಸಿಗೆ 350; ತಾಸಿಗೆ 175. ಇದು ನಿಜವಾದ ನಷ್ಟ. ಒಬ್ಬರೇ ಕುಳಿತ ದಿನ 150 ಪಡೆಯುವುದೂ ಇದೇ ಬಗೆಯದು. ಜೊತೆಯಿಲ್ಲದ ದಿನ ಜೊತೆಯ ರಿಯಾಯಿತಿ ಸಲ್ಲದು. ಇನ್ನೊಂದು ತೊಡಕು ಮಾತಿನದು. "ಇಬ್ಬರು ಮಕ್ಕಳಿದ್ದರೆ ಕಾಲು ಭಾಗ ಕಡಿಮೆ" ಎಂದಾಗ ಶಿಕ್ಷಕಿ ಎರಡನೆಯ ಮಗುವಿಗೆ ಮಾತ್ರ ಎಂದುಕೊಂಡಿರುತ್ತಾರೆ, ತಾಯಿ ಇಬ್ಬರಿಗೂ ಎಂದುಕೊಂಡಿರುತ್ತಾರೆ. ಮೊದಲ ಅರ್ಥದಲ್ಲಿ ಪಾಠಕ್ಕೆ 350, ಎರಡನೆಯದರಲ್ಲಿ 300. ತಿಂಗಳಿಗೆ 600 ರೂಪಾಯಿಯ ಮನಸ್ತಾಪ.

ಹಾಗಾದರೆ ಮೊದಲ ದಿನವೇ ಒಪ್ಪಿಕೊಳ್ಳಬೇಕಾದುದು ನಾಲ್ಕೇ ಮಾತು. ಪಂಚಾಂಗದಲ್ಲಿರುವ ಹಬ್ಬ ಮತ್ತು ಶರಣಬಸವೇಶ್ವರರ ಜಾತ್ರೆಯಂಥ ದಿನಗಳನ್ನು ಮೊದಲೇ ಬಿಟ್ಟು ಪಾಠಗಳನ್ನು ಎಣಿಸುವುದು. ಶಿಕ್ಷಕಿ ತಪ್ಪಿಸಿದ ಪಾಠವನ್ನೂ, ಮನೆಯವರು ಮೊದಲೇ ತಿಳಿಸಿದ ಪಾಠವನ್ನೂ ಅದೇ ತಿಂಗಳಲ್ಲಿ ಬೇರೆ ದಿನ ನಡೆಸುವುದು. ಹೊತ್ತು ಮೀರಿ ತಿಳಿಸಿದರೆ ಅರ್ಧ ಶುಲ್ಕ. ಇಬ್ಬರೂ ಕುಳಿತ ದಿನಕ್ಕೆ ಮಾತ್ರ ರಿಯಾಯಿತಿ. ಹೀಗಿದ್ದರೆ ನಮ್ಮ ಉದಾಹರಣೆಯ ತಿಂಗಳಲ್ಲಿ, ಮೊದಲೇ ತಿಳಿಸಿದ ಮದುವೆಯ 400, ಜ್ವರದ 400, ತಂಗಿಯೊಬ್ಬಳೇ ಕುಳಿತ ದಿನದ 50 ಮರಳಿ ಬಂದು ಆದಾಯ 10,700 ಆಗುತ್ತಿತ್ತು.

ಈ ಏರ್ಪಾಟಿಗೂ ಮಿತಿಯಿದೆ. ಬದಲಿ ಪಾಠಗಳಿಗೆ ಭಾನುವಾರ ಖಾಲಿಯಿರಬೇಕು. ಕಮಲಾಪುರವನ್ನು ಒಪ್ಪಿಕೊಂಡವರಿಗೆ ಅದು ಇರುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಯಾವ ವಾರವೂ ಖಾಲಿಯಿರುವುದಿಲ್ಲ. ಪರೀಕ್ಷೆ ಮುಗಿದ ಮೇಲಿನ ಬಿಸಿಲಿನ ಎರಡು ತಿಂಗಳಿಗಂತೂ ಯಾವ ಒಪ್ಪಂದವೂ ಅನ್ವಯಿಸದು. ಹತ್ತು ತಿಂಗಳು 9,850ರಂತೆ ಗಳಿಸಿದವರು ಅದನ್ನು ಹನ್ನೆರಡು ತಿಂಗಳಿಗೆ ಹಂಚಿಕೊಂಡರೆ ತಿಂಗಳಿಗೆ ಸಿಕ್ಕುವುದು ಸುಮಾರು 8,200. ಮನೆ ಬಾಡಿಗೆ ಕೊಡಬೇಕಾದದ್ದು ಈ ಮೊತ್ತದಿಂದಲೇ ಹೊರತು 11,400ರಿಂದ ಅಲ್ಲ. ಇದನ್ನು ಕಂಡುಕೊಳ್ಳಲು ನಾಲ್ಕು ಕಾಲಮ್ಮಿನ ಒಂದು ನೋಟ್ ಪುಸ್ತಕ ಸಾಕು: ನಡೆಯಬೇಕಾದ ಪಾಠ, ನಡೆದ ಪಾಠ, ತಪ್ಪಿದ ಕಾರಣ, ಸೂಚನೆ ಬಂದ ಹೊತ್ತು. ಮೂರು ತಿಂಗಳು ಬರೆದಿಟ್ಟರೆ, ಶುಲ್ಕ ಹೆಚ್ಚಿಸಬೇಕಾದ ಮನೆ ಯಾವುದು, ಸೂಚನೆಯ ಹೊತ್ತನ್ನಷ್ಟೇ ಸರಿಪಡಿಸಬೇಕಾದ ಮನೆ ಯಾವುದು ಎಂಬುದನ್ನು ಕೊನೆಯ ಕಾಲಮ್ಮೇ ಹೇಳುತ್ತದೆ.