ಮಾರ್ಚ್ 31ರ ಬಿಲ್ಲು, ಏಪ್ರಿಲ್ 2ರ ಲಾರಿ

ಲೆಕ್ಕಿಗರ ನೀತಿಪರೀಕ್ಷೆಯಲ್ಲಿ ‘ಲಂಚ ತೆಗೆದುಕೊಳ್ಳಬಹುದೇ?’ ಎಂದು ಯಾರೂ ಕೇಳುವುದಿಲ್ಲ. ಒಂದು ಸನ್ನಿವೇಶ ಹೇಳಿ, ನಾಲ್ಕು ದಾರಿ ತೋರಿಸಿ, ‘ಈಗ ಏನು ಮಾಡುತ್ತೀರಿ?’ ಎನ್ನುತ್ತಾರೆ. ನಾಲ್ಕರಲ್ಲಿ ಎರಡು ದಾರಿಗಳಾದರೂ ನೋಡಲು ಒಳ್ಳೆಯವೇ ಆಗಿರುತ್ತವೆ. ತೊಡಕು ಇರುವುದೇ ಅಲ್ಲಿ. ಇದು ನಾನು ವಿದ್ಯಾರ್ಥಿಗಳಿಗೆ ಕೊಡುವ ಪ್ರಶ್ನೆ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಸುಮಾ ಅಲ್ಲಿ ಸಂಬಳಕ್ಕಿರುವ ಚಾರ್ಟರ್ಡ್ ಅಕೌಂಟೆಂಟ್. ವರ್ಷದ ಮಾರಾಟ 12 ಕೋಟಿ ರೂಪಾಯಿ ದಾಟಬೇಕು ಎಂಬುದು ಬ್ಯಾಂಕ್ ಸಾಲದ ಷರತ್ತು. ಪುಸ್ತಕದಲ್ಲಿರುವುದು 11 ಕೋಟಿ 70 ಲಕ್ಷ. ಇನ್ನೂ 42 ಲಕ್ಷದ ಮಾಲಿಗೆ ಮಾರ್ಚ್ 31ರ ತಾರೀಕಿನ ಬಿಲ್ಲಿದೆ, ಆದರೆ ಲಾರಿ ಹೊರಟದ್ದು ಏಪ್ರಿಲ್ 2ಕ್ಕೆ. ಹಣಕಾಸು ಮುಖ್ಯಸ್ಥರು ಹೇಳುತ್ತಾರೆ: “ಎರಡು ದಿನದ ಮಾತು ಕಣಮ್ಮ, ಮಾರ್ಚಿಗೇ ಹಾಕಿಬಿಡು. ನಿನ್ನ ಬೋನಸ್ಸೂ ಆ 12 ಕೋಟಿ ಮೇಲೇ ನಿಂತಿದೆ.”

ದಾರಿಗಳು ನಾಲ್ಕು. ಹೇಳಿದಂತೆ ಬರೆಯುವುದು, ಬ್ಯಾಂಕಿಗೆ ತಿಳಿಸುವುದು, ಅಂದೇ ರಾಜೀನಾಮೆ ಕೊಡುವುದು, ಇಲ್ಲವೇ ಕಾಗದಪತ್ರ ನೋಡಿ ಕಂಪನಿಯೊಳಗೇ ಮಾತೆತ್ತುವುದು. ಮೊದಲನೆಯದನ್ನು ಹೆಚ್ಚು ಜನ ಆರಿಸುವುದಿಲ್ಲ. ಚುರುಕಾದ ಹುಡುಗರು ಎಡವುವುದು ಎರಡನೆಯದರಲ್ಲಿ. ಮೋಸ ಕಂಡ ಮೇಲೆ ಬ್ಯಾಂಕಿಗೆ ಹೇಳದೆ ಇರುವುದೇ ತಪ್ಪಲ್ಲವೇ ಎಂದು ಅವರ ವಾದ.

ಆದರೆ ಸುಮಾ ಇನ್ನೂ ಮೋಸವನ್ನು ಕಂಡಿಲ್ಲ. ಕಂಡಿರುವುದು ಎರಡು ತಾರೀಕು. ಮಾಲು ಹೊರಡುವ ಮೊದಲೇ ಬಿಲ್ಲು ಮಾಡುವುದು ಜಿಎಸ್‌ಟಿ ಕಾನೂನಿಗೆ ವಿರುದ್ಧವಲ್ಲ. ಗಿರಾಕಿಯೇ ‘ಸದ್ಯಕ್ಕೆ ನಿಮ್ಮ ಗೋದಾಮಿನಲ್ಲೇ ಇರಲಿ’ ಎಂದು ಕೇಳಿ, ಬಿಲ್ಲು ಒಪ್ಪಿಕೊಂಡು, ಮಾಲಿನ ಒಡೆತನ ತನ್ನದೆಂದಿದ್ದರೆ, ಲಾರಿ ಹೊರಡದಿದ್ದರೂ ಮಾರ್ಚಿನಲ್ಲೇ ಮಾರಾಟ ತೋರಿಸಲು ಲೆಕ್ಕದ ನಿಯಮದಲ್ಲಿ ಅವಕಾಶವಿದೆ. ಅದಕ್ಕೂ ಷರತ್ತುಂಟು: ಮಾಲು ಅಂದೇ ಸಿದ್ಧವಾಗಿರಬೇಕು, ಇಂಥವರದೆಂದು ಬೇರೆ ಇಟ್ಟಿರಬೇಕು. ಹಾಗಾಗಿ ಸುಮಾ ಮೊದಲು ನೋಡಬೇಕಾದ್ದು ಬಿಲ್ಲನ್ನಲ್ಲ. ಗಿರಾಕಿಯ ಪತ್ರವನ್ನು, ಇ-ವೇ ಬಿಲ್ಲನ್ನು, ಲಾರಿ ರಸೀದಿಯನ್ನು, ಉತ್ಪಾದನಾ ವಿಭಾಗದ ದಿನವಹಿಯನ್ನು. ಅವಳು ನೋಡುತ್ತಾಳೆ. ಪತ್ರವೇ ಇಲ್ಲ. ದಿನವಹಿಯ ಪ್ರಕಾರ ಕೊನೆಯ ಲಾಟು ಯಂತ್ರದಿಂದ ಇಳಿದದ್ದೇ ಏಪ್ರಿಲ್ 1ಕ್ಕೆ. ತಯಾರೇ ಆಗದ ಮಾಲನ್ನು ಮಾರಿದ್ದೇವೆ ಎಂದು ಬರೆಯಲು ದಾರಿಯಿಲ್ಲ.

ಇಷ್ಟಾದ ಮೇಲಾದರೂ ಬ್ಯಾಂಕಿಗೆ ಫೋನ್ ಮಾಡಬಹುದೇ? 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿ ಇದಕ್ಕೆ ಅಡ್ಡ ಬರುತ್ತದೆ. ನೌಕರಿಯಲ್ಲಿರುವ ಸದಸ್ಯ ಕೆಲಸದಲ್ಲಿ ತಿಳಿದ ಗೋಪ್ಯ ಮಾಹಿತಿಯನ್ನು, ಕಾನೂನು ಕೇಳದೆ ಅಥವಾ ಮಾಲೀಕರು ಒಪ್ಪದೆ, ಹೊರಗೆ ಹೇಳಿದರೆ ಅದು ವೃತ್ತಿ ದುರ್ನಡತೆ. ಇನ್ನೂ ಕಂಪನಿಯ ಬಾಗಿಲು ದಾಟದ ಒಂದು ನಮೂದಿನ ಬಗ್ಗೆ ಬ್ಯಾಂಕಿಗೆ ಹೇಳಿದರೆ ಸಿಕ್ಕಿಬೀಳುವುದು ಸುಮಾಳೇ. ಆದರೆ ಈ ಗೋಪ್ಯತೆಯನ್ನು ಲೆಕ್ಕ ಪರಿಶೋಧಕರ ಮುಂದೆ ಗುರಾಣಿ ಮಾಡಿಕೊಳ್ಳುವಂತಿಲ್ಲ. ಕಂಪನಿಯ ಪುಸ್ತಕ ನೋಡಲು, ಅಧಿಕಾರಿಗಳಿಂದ ವಿವರಣೆ ಕೇಳಲು ಅವರಿಗೆ 2013ರ ಕಂಪನಿ ಕಾಯ್ದೆಯೇ ಹಕ್ಕು ಕೊಟ್ಟಿದೆ. ಅವರು ಆ 42 ಲಕ್ಷದ ಬಗ್ಗೆ ಕೇಳಿದರೆ ಸುಮಾ ದಿನವಹಿ ತೋರಿಸಬೇಕು.

ರಾಜೀನಾಮೆ ತಪ್ಪೇನಲ್ಲ, ಆದರೆ ಮೊದಲ ಹೆಜ್ಜೆಯಲ್ಲ. ಅವಳು ಎದ್ದು ಹೋದರೆ ಆ ನಮೂದನ್ನು ಪಕ್ಕದ ಮೇಜಿನವರು ಬರೆಯುತ್ತಾರೆ.

ಉಳಿದದ್ದು ನಾಲ್ಕನೆಯ ದಾರಿ. ಸುಮಾ ಮುಖ್ಯಸ್ಥರಿಗೆ ಕಾಗದ ತೋರಿಸಿ, ಮಾರ್ಚಿಗೆ ಹಾಕಲಾಗದು ಎನ್ನಬೇಕು. ಅವರು ಒಪ್ಪದಿದ್ದರೆ ವ್ಯವಸ್ಥಾಪಕ ನಿರ್ದೇಶಕರಿಗೋ ನಿರ್ದೇಶಕ ಮಂಡಳಿಗೋ ತಿಳಿಸಬೇಕು. ಎಲ್ಲೂ ಕಿವಿಗೊಡದಿದ್ದರೆ ಆ ಲೆಕ್ಕಕ್ಕೆ ತನ್ನ ಹೆಸರು ಸೇರದಂತೆ ಹಿಂದೆ ಸರಿಯಬೇಕು. ರಾಜೀನಾಮೆಯ ಜಾಗ ಇದು. ಯಾರ ಜೊತೆ, ಯಾವತ್ತು, ಏನು ಮಾತಾಯಿತು ಎಂದು ಆಯಾ ದಿನವೇ ಬರೆದಿಡಬೇಕು. ಇಷ್ಟೆಲ್ಲ ನಡೆಯುವಾಗ ಕಂಪನಿಗೆ ನೆಟ್ಟಗಿನ ದಾರಿಯೊಂದು ಹೇಗೂ ಇದೆ: ಷರತ್ತಿಗೆ 30 ಲಕ್ಷ ಕಡಿಮೆ ಬಿದ್ದಿದೆ ಎಂದು ತಾನೇ ಬ್ಯಾಂಕಿಗೆ ಬರೆದು ವಿನಾಯಿತಿ ಕೇಳುವುದು. ಅದನ್ನು ಮುಖ್ಯಸ್ಥರ ಮುಂದೆ ಇಡುವುದೂ ಸುಮಾಳ ಕೆಲಸವೇ. ಈ ಅಂಶ ಬರೆಯುವ ವಿದ್ಯಾರ್ಥಿಗೆ ನಾನು ಒಂದು ಅಂಕ ಹೆಚ್ಚೇ ಕೊಡುತ್ತೇನೆ.

ಬೋನಸ್ಸಿನ ಮಾತನ್ನು ಹೆಚ್ಚಿನವರು ಓದಿಯೂ ಬಿಟ್ಟುಬಿಡುತ್ತಾರೆ. ಮುಖ್ಯಸ್ಥರು ಹಾಕಿದ ಒತ್ತಡ ಹೊರಗಿನದು, ಕಣ್ಣಿಗೆ ಕಾಣುತ್ತದೆ. ಬೋನಸ್ಸು ಸುಮಾಳ ಸ್ವಂತ ಹಿತಾಸಕ್ತಿ. ಗಿರಾಕಿಯ ಒಂದು ಅಸ್ಪಷ್ಟ ಈಮೇಲ್ ಸಿಕ್ಕಿದ್ದರೆ, ಅದನ್ನು ‘ಮಾಲು ಇಟ್ಟುಕೊಂಡಿರಿ’ ಎಂದೇ ಓದಲು ಅವಳ ಕಣ್ಣು ತವಕಿಸುತ್ತಿತ್ತು. ಆದ್ದರಿಂದ ವಿಷಯ ಮೇಲಿನವರಿಗೆ ತಿಳಿಸುವಾಗ ತನ್ನ ಬೋನಸ್ಸೂ ಇದೇ ಅಂಕಿಗೆ ತಗಲಿಕೊಂಡಿದೆ ಎಂದು ಮೊದಲ ಸಾಲಿನಲ್ಲೇ ಬರೆದು, ಕಾಗದಗಳನ್ನು ಆ ಲಾಭವಿಲ್ಲದ ಇನ್ನೊಬ್ಬರು ನೋಡಲಿ ಎಂದು ಕೇಳಬೇಕು.